ತಾರಸಿ ಕೆಲಸ ಮಾಡಿದ ಮನೆಯವರ ಹತ್ತಿರ ಗೂಗಲ್ ರಿವ್ಯೂ ಕೇಳೋದು ಹೇಗೆ? ಮಳೆ ಬರೋ ಮುಂಚೆ ಕೇಳಬಹುದಾ?

ಮೇಸ್ತ್ರಿ_ಶಿವಮೊಗ್ಗ · 12 ಮೇ

ಎಲ್ಲರಿಗೂ ನಮಸ್ಕಾರ. ನಾನು ತಾರಸಿ ಸೋರಿಕೆ ಕೆಲಸದವನು, ಅಂದರೆ ವಾಟರ್‌ಪ್ರೂಫಿಂಗ್. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಜನವರಿಯಿಂದ ಮೇ ತನಕ ಉಸಿರಾಡಲು ಪುರುಸೊತ್ತಿರಲ್ಲ. ಮಳೆ ಹಿಡಿದ ಮೇಲೆ ಫೋನ್ ಬಡಿದುಕೊಳ್ಳುತ್ತದೆ, ಆದರೆ ಒದ್ದೆ ತಾರಸಿ ಮೇಲೆ ಕೋಟಿಂಗ್ ಹೊಡೆಯಲು ಆಗಲ್ಲ.

ಗೂಗಲ್‌ನಲ್ಲಿ ನನಗೆ 14 ರಿವ್ಯೂ ಇದೆ. 12 ಜನ ಐದು ಸ್ಟಾರ್, ಒಬ್ಬರು ನಾಲ್ಕು, ಒಬ್ಬರು ಒಂದು. ಆ ಒಂದು ಸ್ಟಾರ್ ಕೊಟ್ಟವರ ಮನೆಯಲ್ಲಿ ನಾನು ಕೆಲಸವನ್ನೇ ಮಾಡಿಲ್ಲ! ರೇಟ್ ಕೇಳಿದ್ದರು. ನಾನು ಎರಡು ವಾರ ಹೋಗಲು ಆಗಲಿಲ್ಲ, ಅಷ್ಟೇ.

ಮೊನ್ನೆ ಒಬ್ಬ ಹುಡುಗ ಬಂದು ಐದು ಸಾವಿರ ಕೊಟ್ಟರೆ 50 ರಿವ್ಯೂ ಹಾಕಿಸುತ್ತೇನೆ ಅಂದ. ಬೇಡ ಅಂದೆ. ಆದರೆ ಕೆಲಸ ಚೆನ್ನಾಗಿದೆ ಅಂದವರ ಹತ್ತಿರ ಬಾಯಿಬಿಟ್ಟು ಕೇಳೋದಕ್ಕೂ ನಾಚಿಕೆ. ಬಿಲ್‌ನಲ್ಲಿ 500 ರೂಪಾಯಿ ಬಿಟ್ಟರೆ ಬರೆಯುತ್ತಾರಾ? ಅದು ತಪ್ಪಾ? ಮತ್ತೆ ಇದನ್ನು ಯಾವಾಗ ಕೇಳಬೇಕು?

---

ದಾವಣಗೆರೆ_ಸ್ವೀಟ್ಸ್ · 12 ಮೇ

ಅಣ್ಣ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಂಗಡಿ ಕೌಂಟರ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ಐದು ಸ್ಟಾರ್ ತೋರಿಸಿದರೆ ಒಂದು ಜಾಮೂನು ಫ್ರೀ. ಆರು ತಿಂಗಳಲ್ಲಿ ನೂರು ದಾಟಿದೆ.

ಇನ್ನೊಂದು ಮಾತು. ಎಲ್ಲರನ್ನೂ ಕೇಳಬೇಡಿ. ಮುಖ ನೋಡಿ ಕೇಳಿ. ಖುಷಿಯಲ್ಲಿದ್ದರೆ ಲಿಂಕ್ ಕೊಡಿ, ಮುಖ ಗಂಟು ಹಾಕಿಕೊಂಡಿದ್ದರೆ ಸುಮ್ನೆ ನಮಸ್ಕಾರ ಹೇಳಿ ಕಳಿಸಿ. ಹಣ ಕೈಗೆ ಬಂದ ನಿಮಿಷವೇ ಕೇಳಿಬಿಡಬೇಕು. ಆಮೇಲೆ ಯಾರೂ ಬರೆಯಲ್ಲ.

---

ಕಾಫಿತೋಟದ_ಸುಮಾ · 12 ಮೇ

ನಾನು ಸಕಲೇಶಪುರದಲ್ಲಿ ಏಳೆಂಟು ಹೋಂಸ್ಟೇಗಳ ಗೂಗಲ್ ಪ್ರೊಫೈಲ್ ನೋಡಿಕೊಳ್ಳುತ್ತೇನೆ. ಸ್ವೀಟ್ಸ್ ಅಣ್ಣ ಹೇಳಿದ್ದರಲ್ಲಿ ಕ್ಯೂಆರ್ ಸರಿ. ಮಿಕ್ಕ ಎರಡೂ ಗೂಗಲ್ ನಿಯಮಕ್ಕೆ ನೇರ ವಿರುದ್ಧ.

ಜಾಮೂನು ಆಗಲಿ, 500 ರೂಪಾಯಿ ಆಗಲಿ, ರಿವ್ಯೂಗೆ ಬದಲಾಗಿ ಏನೂ ಕೊಡುವಂತಿಲ್ಲ. ಕೆಟ್ಟ ರಿವ್ಯೂ ತೆಗೆಸಲು ಕೊಡೋದು ಕೂಡ ಅದೇ ಸಾಲಿಗೆ ಸೇರುತ್ತದೆ. ಇನ್ನು ಮುಖ ನೋಡಿ ಕೇಳೋದು. ಒಳ್ಳೆಯದು ಬರೆಯುವವರನ್ನು ಮಾತ್ರ ಆರಿಸಿ ಕೇಳಬಾರದು ಅಂತ ಗೂಗಲ್ ಸ್ಪಷ್ಟವಾಗಿಯೇ ಬರೆದಿದೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಸಿಕ್ಕಿಬಿದ್ದರೆ ಸ್ವಲ್ಪ ಕಾಲ ಹೊಸ ರಿವ್ಯೂ ಬರೋದನ್ನೇ ನಿಲ್ಲಿಸಬಹುದು, ಇರೋದನ್ನು ಮರೆ ಮಾಡಬಹುದು. ಇಲ್ಲಿ ಸುಳ್ಳು ರಿವ್ಯೂ ತೆಗೆದಿದ್ದೇವೆ ಅಂತ ಪ್ರೊಫೈಲ್ ಮೇಲೆ ಬೋರ್ಡ್ ಹಾಕುವ ಅಧಿಕಾರವೂ ಅವರಿಗಿದೆ. ಅಂಗಡಿಗೆ ಅದಕ್ಕಿಂತ ಮರ್ಯಾದೆ ಹೋಗೋ ಕೆಲಸ ಬೇರೆ ಇಲ್ಲ.

ಮೇಸ್ತ್ರಿಯವರೇ, ಕೊಟ್ಟೇ ಕೊಡುತ್ತೀರಾದರೆ 500 ರೂಪಾಯಿ ಎಲ್ಲರಿಗೂ ಬಿಟ್ಟುಬಿಡಿ, ರಿವ್ಯೂ ಮಾತೇ ಎತ್ತಬೇಡಿ. ಆಗ ಅದು ಬರೀ ಚೌಕಾಸಿ.

---

ದಾವಣಗೆರೆ_ಸ್ವೀಟ್ಸ್ · 12 ಮೇ

ಮೇಡಂ, ಹಾಗಾದರೆ ಐದು ಸ್ಟಾರ್ ಅಂತ ಹೇಳದೆ, ಏನೇ ಬರೆದರೂ ಜಾಮೂನು ಅಂದರೆ?

ಕಾಫಿತೋಟದ_ಸುಮಾ · 12 ಮೇ

ಅದೂ ಆಗಲ್ಲ ಅಣ್ಣ. ಜಾಮೂನು ಬಾಯಲ್ಲಿಟ್ಟುಕೊಂಡು ಯಾರು ಎರಡು ಸ್ಟಾರ್ ಒತ್ತುತ್ತಾರೆ ಹೇಳಿ?

---

ಎಡಿಸನ್_ಕನ್ನಡಿಗ · 13 ಮೇ

ನ್ಯೂಜೆರ್ಸಿಯಿಂದ. ಇಲ್ಲಿ ನನ್ನ ಹೆಂಡತಿ ಡಾನ್ಸ್ ಕ್ಲಾಸ್ ನಡೆಸುತ್ತಾಳೆ. ಒಂದೊಂದು ಜಾಗದಲ್ಲಿ ಒಂದೊಂದು ನಿಯಮ, ಅದನ್ನು ಮರೆಯಬೇಡಿ. ಇಲ್ಲಿ ಯೆಲ್ಪ್ ಅಂತ ಇನ್ನೊಂದು ರಿವ್ಯೂ ಸೈಟ್ ಇದೆ, ಅವರು ರಿವ್ಯೂ ಕೇಳಲೇಬೇಡಿ ಅನ್ನುತ್ತಾರೆ. ಗೂಗಲ್‌ನಲ್ಲಿ ಕೇಳಬಹುದು, ಕೊಡುವಂತಿಲ್ಲ. ಇಲ್ಲಿನ ಸರ್ಕಾರದ ಎಫ್‌ಟಿಸಿ 2024ರ ಅಕ್ಟೋಬರ್‌ನಿಂದ ಒಂದು ನಿಯಮ ಜಾರಿ ಮಾಡಿದೆ. ಸುಳ್ಳು ರಿವ್ಯೂ ಕೊಳ್ಳೋದು, ಒಳ್ಳೆಯದೇ ಬರೆಯಬೇಕು ಅಂತ ಷರತ್ತು ಹಾಕಿ ಬಹುಮಾನ ಕೊಡೋದು, ಎರಡಕ್ಕೂ ದಂಡ. ನಮ್ಮ ಕಡೆ ಏನಾದರೂ ಇದೆಯಾ?

ಕಾಫಿತೋಟದ_ಸುಮಾ · 13 ಮೇ

2022ರ ನವೆಂಬರ್‌ನಲ್ಲಿ, ಐಎಸ್‌ಐ ಗುರುತು ಕೊಡುವ ಬಿಐಎಸ್‌ನವರು ಐಎಸ್ 19000 ಅನ್ನೋ ಮಾನದಂಡ ತಂದರು, ಆನ್‌ಲೈನ್ ರಿವ್ಯೂಗಳಿಗೆಂದೇ. ಅದು ಮುಖ್ಯವಾಗಿ ರಿವ್ಯೂ ಪ್ರಕಟಿಸುವ ಕಂಪನಿಗಳಿಗೆ, ಪಾಲಿಸೋದು ಅವರ ಇಚ್ಛೆಗೆ ಬಿಟ್ಟಿದ್ದು. ಆದರೆ ಗಿರಾಕಿಗೆ ಮೋಸ ಮಾಡಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದ್ದೇ ಇದೆ. ಮೇಸ್ತ್ರಿಯವರಿಗೆ ಸದ್ಯಕ್ಕೆ ಗೂಗಲ್ ನಿಯಮ ಸಾಕು.

---

ಕರಿಕೋಟು_ಹುಬ್ಬಳ್ಳಿ · 13 ಮೇ

ನಾನು ವಕೀಲ. ನನಗೂ ಇದೇ ಪ್ರಶ್ನೆ. ಕಕ್ಷಿದಾರರಿಗೆ ಹೀಗೆ ಲಿಂಕ್ ಕಳಿಸಬಹುದೇ? ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ನಾವು ಕೆಲಸಕ್ಕಾಗಿ ಯಾವ ರೀತಿಯಲ್ಲೂ ಪ್ರಚಾರ ಮಾಡುವಂತಿಲ್ಲ. ಕಕ್ಷಿದಾರರು ತಾವಾಗಿ ಬರೆದರೆ ನಾನೇನು ಮಾಡಲಿ ಅನ್ನೋದು ನನ್ನ ವಾದ. ನನ್ನ ಸೀನಿಯರ್ ಒಪ್ಪುತ್ತಿಲ್ಲ. ಪ್ರೊಫೈಲ್ ಇಡೋದೇ ಪ್ರಚಾರ ಅನ್ನುತ್ತಾರೆ.

ಮೇಸ್ತ್ರಿ_ಶಿವಮೊಗ್ಗ · 13 ಮೇ

ಸಾರ್, ನಿಮ್ಮದು ಬೇರೆ ಕಷ್ಟ. ನಂದು ಸಿಮೆಂಟು.

---

ನಿವೃತ್ತ_ಮೇಷ್ಟ್ರು_ಸಾಗರ · 13 ಮೇ

ಬರೆಯಬೇಕಾದವರ ಕಡೆಯಿಂದ ನಾನೊಂದು ಮಾತು ಹೇಳುತ್ತೇನೆ. ಹೋದ ವರ್ಷ ನಮ್ಮ ಮನೆಗೆ ಸೋಲಾರ್ ರಿಪೇರಿಗೆ ಒಬ್ಬ ಹುಡುಗ ಬಂದಿದ್ದ. ಕೆಲಸ ಮುಗಿದ ತಕ್ಷಣ, ಅಂಕಲ್ ಫೋನ್ ಕೊಡಿ ಒಂದ್ನಿಮಿಷ ಅಂತ ಇಸಕೊಂಡ. ಒಟಿಪಿಗೋ ಏನೋ ಅಂದುಕೊಂಡೆ. ಸಂಜೆ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ಅಪ್ಪ, ನೀವು ಎಕ್ಸಲೆಂಟ್ ಸರ್ವಿಸ್ ಅಂತ ಇಂಗ್ಲಿಷಿನಲ್ಲಿ ಬರೆದಿದ್ದೀರಲ್ಲ ಅಂದಳು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದವನು ನಾನು! ಮೂರು ದಿನ ಬಿಟ್ಟು ನೀರು ಮತ್ತೆ ತಣ್ಣಗೆ. ನನ್ನ ಹೆಸರಿನ ಐದು ಸ್ಟಾರ್ ಮಾತ್ರ ಅಲ್ಲೇ ಇತ್ತು. ಅಳಿಸುವುದು ಹೇಗೆಂದು ಕಲಿಯಲು ಒಂದು ವಾರ ಹಿಡಿಯಿತು.

ಎದುರಿಗೆ ನಿಂತು ಕೇಳಿದರೆ ನಮಗೆ ಇಲ್ಲ ಅನ್ನಲು ಆಗುವುದಿಲ್ಲ. ಬರೆಯುವುದಾದರೆ ಹೆಸರು ಎಲ್ಲರಿಗೂ ಕಾಣುತ್ತದೆ. ಆ ಯೋಚನೆ ಮಾಡಲು ಒಂದು ರಾತ್ರಿಯಾದರೂ ಬೇಡವೇ?

---

ಮೇಸ್ತ್ರಿ_ಶಿವಮೊಗ್ಗ · 13 ಮೇ

ಮೇಷ್ಟ್ರೇ, ನಮ್ಮ ಹುಡುಗರೂ ಹಾಗೆ ಮಾಡಬಾರದು ಅಂತ ಇವತ್ತೇ ಹೇಳುತ್ತೇನೆ.

ಸುಮಾ ಮೇಡಂ, ನನ್ನ ಕಷ್ಟ ಇದು. ಹೋಟೆಲಿನಲ್ಲಿ ತಿಂದ ತಕ್ಷಣ ರುಚಿ ಗೊತ್ತಾಗುತ್ತದೆ. ನನ್ನ ಕೆಲಸ ಹಾಗಲ್ಲ. ಬಿರುಕು ತುಂಬಿ, ಪ್ರೈಮರ್ ಹೊಡೆದು, ನೆಟ್ ಹಾಸಿ, ಎರಡು ಕೋಟ್ ಕೊಟ್ಟು, ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ತೋರಿಸುತ್ತೇನೆ. ಕೆಳಗೆ ತೊಟ್ಟಿಕ್ಕದಿದ್ದರೆ ಪಾಸ್. ಐದು ವರ್ಷ ವಾರಂಟಿಯನ್ನೂ ಕೊಡುತ್ತೇನೆ. ಆಗ ಎಲ್ಲರೂ ಖುಷಿಯಲ್ಲೇ ಇರುತ್ತಾರೆ. ಸ್ವೀಟ್ಸ್ ಅಣ್ಣ ಹೇಳಿದ ಹಾಗೆ ಆಗಲೇ ಕೇಳಿದರೆ ಹತ್ತಕ್ಕೆ ಎಂಟು ಜನ ಬರೆದಾರು. ಆದರೆ ನಿಜವಾದ ಪರೀಕ್ಷೆ ಜೂನ್, ಜುಲೈ ಮಳೆ. ಗಾಳಿ ಮಳೆಗೆ ಪ್ಯಾರಾಪೆಟ್ ಗೋಡೆ ಕಡೆಯಿಂದ ನೀರು ಬಂದರೆ ನೀರು ನಿಲ್ಲಿಸಿದ ಪರೀಕ್ಷೆಯಲ್ಲಿ ಅದು ಗೊತ್ತೇ ಆಗಲ್ಲ.

---

ಕಾಫಿತೋಟದ_ಸುಮಾ · 14 ಮೇ

ಉತ್ತರ ನಿಮ್ಮ ಮಾತಿನಲ್ಲೇ ಇದೆ. ಕೆಲಸ ಹೇಗಿದೆ ಅಂತ ಗಿರಾಕಿಗೆ ಯಾವಾಗ ಗೊತ್ತಾಗುತ್ತದೋ ಆಗ ಕೇಳಬೇಕು. ನಿಮ್ಮ ಕೆಲಸಕ್ಕೆ ಅದು ಜೋರು ಮಳೆ ಬಂದ ಒಂದೆರಡು ವಾರದ ಮೇಲೆ. ಏಪ್ರಿಲ್‌ನಲ್ಲಿ ಬರೆದ "ಸೂಪರ್ ವರ್ಕ್" ಓದಿದವರಿಗೆ ಏನೂ ತಿಳಿಯಲ್ಲ. ಜುಲೈನಲ್ಲಿ "ಹೋದ ವರ್ಷ ಬಕೆಟ್ ಇಡುತ್ತಿದ್ದೆವು, ಈ ಸಲ ಇಲ್ಲ" ಅಂತ ಒಬ್ಬರು ಬರೆದರೆ ಅದನ್ನು ಓದಿ ಫೋನ್ ಬರುತ್ತದೆ.

ಇನ್ನು ಮಾಡೋ ಕ್ರಮ. ನಿಮ್ಮ ಪ್ರೊಫೈಲ್ ಇರುವ ಜಿಮೇಲ್‌ನಿಂದ ಲಾಗಿನ್ ಆಗಿ ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹುಡುಕಿ. `Ask for reviews` ಅಥವಾ `Get more reviews` ಅಂತ ಬಟನ್ ಸಿಗುತ್ತದೆ. ಅದರಲ್ಲಿ `g.page/r/` ಅಂತ ಶುರುವಾಗುವ ಲಿಂಕ್ ಇರುತ್ತದೆ. ಒತ್ತಿದರೆ ಸ್ಟಾರ್ ಹಾಕುವ ಜಾಗಕ್ಕೇ ಹೋಗುತ್ತದೆ. ಲಿಂಕ್ ಇಲ್ಲದೆ "ಗೂಗಲ್‌ನಲ್ಲಿ ಬರೀರಿ" ಅಂದರೆ ಅರ್ಧ ಜನ ದಾರಿಯಲ್ಲೇ ಕಳೆದುಹೋಗುತ್ತಾರೆ.

ಬಿಲ್ ಪುಸ್ತಕ ತೆಗೆದು ಜನವರಿಯಿಂದ ಮಾಡಿದ ಮನೆಗಳನ್ನೆಲ್ಲ ಒಂದು ಕಡೆ ಬರೆದುಕೊಳ್ಳಿ. ಮಳೆ ಹಿಡಿದ ಮೇಲೆ ವಾರಕ್ಕೆ ನಾಲ್ಕೈದು ಮನೆಗೆ ಮೊದಲು ಫೋನ್ ಮಾಡಿ. ಫೋನಿನಲ್ಲಿ ರಿವ್ಯೂ ವಿಷಯ ಬೇಡ. ಸೋರುತ್ತಿದೆಯಾ ಇಲ್ಲವಾ ಅಷ್ಟೇ ಕೇಳಿ. ಸೋರುತ್ತಿದ್ದರೆ ಹೋಗಿ ನೋಡಿ. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ. ಮೇಷ್ಟ್ರು ಹೇಳಿದ ಹಾಗೆ, ಬರೆಯಲು ಇಷ್ಟ ಇಲ್ಲದವರು ಮೆಸೇಜ್ ನೋಡಿ ಸುಮ್ಮನಿರಬಹುದು. ಮುಖ ಕೊಟ್ಟು ಇಲ್ಲ ಅನ್ನುವ ಕಷ್ಟ ಅವರಿಗಿಲ್ಲ.

ಎಲ್ಲರೂ ಎಡವೋದು ಇಲ್ಲೇ, ಗಮನವಿಟ್ಟು ಓದಿ. ಫೋನಿನಲ್ಲಿ "ಸೋರ್ತಾ ಇದೆ" ಅಂದವರಿಗೂ ಅದೇ ಲಿಂಕ್ ಹೋಗಬೇಕು. ಸೋರಲ್ಲ ಅಂದವರಿಗೆ ಮಾತ್ರ ಕಳಿಸಿದರೆ ಅದು ಮುಖ ನೋಡಿ ಕೇಳಿದ ಹಾಗೇ ಆಯಿತು, ಫೋನ್ ಮೂಲಕ ಮಾಡಿದಿರಿ ಅಷ್ಟೇ.

---

ಮೇಸ್ತ್ರಿ_ಶಿವಮೊಗ್ಗ · 14 ಮೇ

ಸೋರುತ್ತಿರೋ ಮನೆಗೆ ನಾನೇ ಲಿಂಕ್ ಕಳಿಸಿ ಬೈಸಿಕೊಳ್ಳಬೇಕಾ ಮೇಡಂ? 🙏

ಕಾಫಿತೋಟದ_ಸುಮಾ · 14 ಮೇ

ರಿಪೇರಿ ಮುಗಿಸಿ, ಮತ್ತೆ ಒಂದು ಮಳೆ ಆದಮೇಲೆ ಕಳಿಸಿ. ಅಷ್ಟು ತಡ ಮಾಡೋದರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ. ಕಳಿಸದೇ ಇರೋದು ತಪ್ಪು.

ಎಡಿಸನ್_ಕನ್ನಡಿಗ · 14 ಮೇ

ಇದನ್ನು ನಾನು ಒಪ್ಪಲ್ಲ. ಸೋರದವರಿಗೆ ಎರಡು ದಿನಕ್ಕೆ, ಸೋರಿದವರಿಗೆ ತಿಂಗಳು ಬಿಟ್ಟು ಅಂದರೆ ಅದೂ ಒಂಥರಾ ಸೋಸುವ ಕೆಲಸವೇ ಅಲ್ವಾ? ತಿಂಗಳಾದ ಮೇಲೆ ಸಿಟ್ಟೂ ಇಳಿದಿರುತ್ತದೆ, ನೆನಪೂ ಹೋಗಿರುತ್ತದೆ.

ಕಾಫಿತೋಟದ_ಸುಮಾ · 14 ಮೇ

ಒಂದು ಮಟ್ಟಿಗೆ ಹೌದು. ಆದರೆ ಐದು ವರ್ಷ ವಾರಂಟಿ ಕೊಟ್ಟವರ ಕೆಲಸದಲ್ಲಿ ರಿಪೇರಿಯೂ ಒಂದು ಭಾಗ. ಅರ್ಧ ಕೆಲಸಕ್ಕೆ ಅಭಿಪ್ರಾಯ ಕೇಳೋದು ಹೇಗೆ? ಅವರಿಗೆ ಮೊದಲೇ ಬರೆಯಬೇಕು ಅನ್ನಿಸಿದರೆ ಬರೆಯಲಿ, ತಡೆಯಬೇಡಿ. "ರಿವ್ಯೂ ಹಾಕಬೇಡಿ, ಬಂದು ಸರಿ ಮಾಡ್ತೀನಿ" ಅನ್ನೋ ಮಾತು ಮಾತ್ರ ಬಾಯಿಂದ ಬರಬಾರದು.

---

ರಫೀಕ್_ಫ್ರಿಡ್ಜ್_ಮೈಸೂರು · 15 ಮೇ

ನನ್ನದೊಂದು ಕಥೆ. ಹೋದ ತಿಂಗಳು ಅಂಗಡಿಯಲ್ಲೇ ಟ್ಯಾಬ್ ಇಟ್ಟು ಬಂದವರ ಕೈಯಲ್ಲೆಲ್ಲ ಅದರಲ್ಲೇ ಬರೆಸಿದೆ. ನಮ್ಮ ಮೂರು ಹುಡುಗರೂ ಒಂದೊಂದು ಹಾಕಿದರು, ಸುಮ್ನೆ ಶುರು ಆಗಲಿ ಅಂತ. ಮೂರು ದಿನದಲ್ಲಿ 22 ಬಂತು. ಮುಂದಿನ ವಾರ ನೋಡಿದರೆ 6 ಉಳಿದಿದೆ. ನಿಜವಾದ ಗಿರಾಕಿಗಳದ್ದೂ ಹೋಗಿದೆ. ಯಾರೋ ಎದುರು ಅಂಗಡಿಯವರು ರಿಪೋರ್ಟ್ ಮಾಡಿರಬೇಕು.

ಕಾಫಿತೋಟದ_ಸುಮಾ · 15 ಮೇ

ರಫೀಕ್ ಭಾಯ್, ಎದುರು ಅಂಗಡಿಯವರು ಏನೂ ಮಾಡಬೇಕಿಲ್ಲ. ಗೂಗಲ್‌ನ ಯಂತ್ರವೇ ಅನುಮಾನ ಬಂದದ್ದನ್ನು ತೆಗೆಯುತ್ತದೆ. ಯಾವ ಗುರುತು ನೋಡಿ ತೆಗೆಯುತ್ತದೆ ಅಂತ ಅವರು ಬಿಡಿಸಿ ಹೇಳಲ್ಲ. ಆದರೆ ವರ್ಷಗಟ್ಟಲೆ ಒಂದೂ ಇಲ್ಲದ ಕಡೆ, ಒಂದೇ ಟ್ಯಾಬ್‌ನಿಂದ ಮೂರು ದಿನದಲ್ಲಿ 22 ಬಂದರೆ ನಾನೂ ನಂಬಲ್ಲ. ಕೆಲಸದ ಹುಡುಗರು ಹಾಕಿದ್ದಂತೂ ಇರುವ ಹಾಗೇ ಇಲ್ಲ, ಮನೆಯವರದ್ದೂ ಅಷ್ಟೇ. ಅವೇನಾದರೂ ಉಳಿದಿದ್ದರೆ ನೀವೇ ತೆಗೆಸಿ. ಗಿರಾಕಿಗಳು ಅವರವರ ಫೋನಿನಲ್ಲಿ, ಅವರ ಮನೆಯಲ್ಲಿ ಕೂತು ಬರೆಯಲಿ.

ರಫೀಕ್_ಫ್ರಿಡ್ಜ್_ಮೈಸೂರು · 15 ಮೇ

ಹೋಗಿರೋ ನಿಜವಾದ್ದು ವಾಪಸ್ ಬರುತ್ತಾ?

ಕಾಫಿತೋಟದ_ಸುಮಾ · 15 ಮೇ

ನಾನು ನೋಡಿದ ಮಟ್ಟಿಗೆ ಕೆಲವು ಬಂದಿವೆ, ಹೆಚ್ಚಿನವು ಬಂದಿಲ್ಲ. ಅವರನ್ನೇ ಮತ್ತೆ ಮತ್ತೆ ಬರೆಯಿರಿ ಅಂತ ಪೀಡಿಸಬೇಡಿ.

---

ಮೇಸ್ತ್ರಿ_ಶಿವಮೊಗ್ಗ · 15 ಮೇ

ಮೆಸೇಜ್ ಬರೆದಿದ್ದೇನೆ, ನೋಡಿ ಮೇಡಂ:

"ನಮಸ್ತೆ ಸರ್, ನಮ್ಮ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆ ಎಂದು ಭಾವಿಸುತ್ತೇವೆ. ದಯವಿಟ್ಟು 5 ಸ್ಟಾರ್ ಕೊಟ್ಟು ಶಿವಮೊಗ್ಗದ ಬೆಸ್ಟ್ ವಾಟರ್‌ಪ್ರೂಫಿಂಗ್ ಎಂದು ಬರೆಯಿರಿ."

ನಿವೃತ್ತ_ಮೇಷ್ಟ್ರು_ಸಾಗರ · 15 ಮೇ

ಇದು ಉಕ್ತಲೇಖನ.

ಕಾಫಿತೋಟದ_ಸುಮಾ · 15 ಮೇ

ಮೇಷ್ಟ್ರು ಹೇಳಿದ್ದೇ ಸರಿ 😄 ಸ್ಟಾರ್ ಎಷ್ಟು ಅಂತಲೂ ಹೇಳಬೇಡಿ, ಏನು ಬರೆಯಬೇಕು ಅಂತಲೂ ಹೇಳಬೇಡಿ. ಹೀಗೆ ಮಾಡಿ:

"ನಮಸ್ಕಾರ ಸರ್. ಮಾರ್ಚ್‌ನಲ್ಲಿ ನಿಮ್ಮ ತಾರಸಿ ಕೆಲಸ ಮಾಡಿದ್ದು ನಾವು. ಈಗ ಎರಡು ವಾರ ಮಳೆ ಆಗಿದೆ. ಕೆಲಸ ಹೇಗಿದೆ ಎಂದು ಗೂಗಲ್‌ನಲ್ಲಿ ನಾಲ್ಕು ಸಾಲು ಬರೆದರೆ ತಾರಸಿ ಮಾಡಿಸಬೇಕೆಂದಿರುವವರಿಗೆ ಅನುಕೂಲ. ಒಳ್ಳೆಯದಿರಲಿ, ಕೊರತೆ ಇರಲಿ, ಇದ್ದದ್ದು ಬರೆಯಿರಿ. ಕನ್ನಡದಲ್ಲೂ ಬರೆಯಬಹುದು. ಬರೆಯದಿದ್ದರೂ ಬೇಸರವಿಲ್ಲ. ಸೋರಿಕೆ ಕಂಡರೆ ವಾರಂಟಿ ಪ್ರಕಾರ ಬಂದು ನೋಡುತ್ತೇವೆ."

ಕೆಳಗೆ ಲಿಂಕ್. ತಿಂಗಳ ಹೆಸರು ಆಯಾ ಮನೆಗೆ ಬದಲಾಯಿಸಿ, ಎಲ್ಲರಿಗೂ ಒಂದೇ ಸಲ ಫಾರ್ವರ್ಡ್ ಮಾಡಬೇಡಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಅಲ್ಲಿಗೆ ನಿಲ್ಲಿಸಿ.

ಆ ಒಂದು ಸ್ಟಾರ್ ವಿಷಯ. ಕೆಲಸ ಮಾಡಿಲ್ಲ ಅಂತ ರಿಪೋರ್ಟ್ ಮಾಡಿದರೆ ಪ್ರಯೋಜನ ಇಲ್ಲ. ಬರುತ್ತೇನೆ ಅಂತ ಹೇಳಿ ಬರದೇ ಇರೋದೂ ಅವರಿಗಾದ ಅನುಭವವೇ. ಅದರ ಕೆಳಗೆ ಎರಡು ಸಾಲು ಉತ್ತರ ಬರೆಯಿರಿ. ತಡ ಆಗಿದ್ದು ನಿಜ, ಫೋನ್ ಮಾಡಿ ತಿಳಿಸಬೇಕಿತ್ತು, ಅಷ್ಟು ಸಾಕು. ಅವರ ಬಡಾವಣೆ, ಫೋನ್ ನಂಬರ್ ಏನನ್ನೂ ಎತ್ತಬೇಡಿ.

---

ಮೇಸ್ತ್ರಿ_ಶಿವಮೊಗ್ಗ · 17 ಆಗಸ್ಟ್

ಮೂರು ತಿಂಗಳಾಯಿತು, ಏನಾಯಿತು ಅಂತ ಹೇಳೋಣ ಅಂತ ಬಂದೆ.

ಜನವರಿಯಿಂದ ಮೇ ತನಕ 38 ಮನೆ. ಜೂನ್ ಮೂರನೇ ವಾರದಿಂದ ಪ್ರತಿ ಶನಿವಾರ ಸಂಜೆ ಐದು ಮನೆಗೆ ಫೋನ್. ರಿವ್ಯೂಗಿಂತ ಈ ಫೋನಿನಿಂದಲೇ ಜಾಸ್ತಿ ಕಲಿತೆ. ಮೂರು ಮನೆಯಲ್ಲಿ ತೇವ ಇತ್ತು, ಅವರು ಆಮೇಲೆ ಹೇಳೋಣ ಅಂತ ಸುಮ್ಮನಿದ್ದರಂತೆ. ಮೂರೂ ಕಡೆ ಒಂದೇ ತಪ್ಪು. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಕೋಟಿಂಗ್ ಸಾಕಷ್ಟು ಮೇಲಕ್ಕೆ ಹತ್ತಿಸಿರಲಿಲ್ಲ. ಒಂದೇ ಹುಡುಗ ಮಾಡಿದ ಕೆಲಸ. ಮಳೆ ಬಿಟ್ಟ ನಾಲ್ಕು ದಿನ ನೋಡಿ ಎರಡು ಸರಿ ಮಾಡಿದೆ. ಮೂರನೆಯದಕ್ಕೆ ಸದ್ಯ ಟಾರ್ಪಲ್ ಹಾಕಿದ್ದೇನೆ, ಗೋಡೆ ಒಣಗಬೇಕು.

38 ಮನೆಗೂ ಲಿಂಕ್ ಹೋಯಿತು. ಟಾರ್ಪಲ್ ಮನೆಗೂ ಕಳಿಸಿದೆ, ಕೈ ನಡುಗಿತು ನಿಜ. ಬರೆದವರು 11 ಜನ. ಎಂಟು ಐದು ಸ್ಟಾರ್, ಎರಡು ನಾಲ್ಕು, ಒಂದು ಮೂರು. ಆ ಮೂರು ಸ್ಟಾರ್ ಟಾರ್ಪಲ್ ಮನೆಯದ್ದೇ: "ಗೋಡೆ ಬುಡದಲ್ಲಿ ಸೋರಿತು. ಹೇಳಿದ ದಿನವೇ ಬಂದು ನೋಡಿದರು. ಪೂರ್ತಿ ಸರಿ ಆಗಿಲ್ಲ."

ಎಡಿಸನ್_ಕನ್ನಡಿಗ · 17 ಆಗಸ್ಟ್

ಮೊದಲು ಒಟ್ಟು 65, ಭಾಗಿಸು 14. ಈಗ 116, ಭಾಗಿಸು 25. ಎರಡೂ 4.64. ಅಂದರೆ ಇಷ್ಟೆಲ್ಲ ಮಾಡಿ ಸ್ಕೋರ್ ಇದ್ದಲ್ಲೇ ಇದೆ!

ಮೇಸ್ತ್ರಿ_ಶಿವಮೊಗ್ಗ · 17 ಆಗಸ್ಟ್

ಹೌದು ಸರ್, ಆಗಲೂ 4.6, ಈಗಲೂ 4.6. ಆದರೆ ಹೊಸದಾಗಿ ಫೋನ್ ಮಾಡಿದ ಇಬ್ಬರು ಆ ಮೂರು ಸ್ಟಾರ್ ಓದಿಯೇ ಮಾಡಿದ್ದು. "ಸೋರಿದರೆ ಬರ್ತೀರಲ್ಲ?" ಅಂತ ಕೇಳಿದರು. ಇಬ್ಬರಿಗೂ ಡಿಸೆಂಬರ್‌ಗೆ ದಿನ ಕೊಟ್ಟಿದ್ದೇನೆ.

ದಾವಣಗೆರೆ_ಸ್ವೀಟ್ಸ್ · 17 ಆಗಸ್ಟ್

38ಕ್ಕೆ 11 ಅಂದರೆ ಕಡಿಮೆ ಆಯ್ತು ಅಣ್ಣ. ನಾನು ಜಾಮೂನು ನಿಲ್ಲಿಸಿದ ಮೇಲೆ ವಾರಕ್ಕೆ ಒಂದು ಬಂದರೆ ಹೆಚ್ಚು. ಮೇಡಂ ಮಾತು ಕೇಳಿ ನಿಲ್ಲಿಸಿದ್ದೇನೆ, ಸರಿಯೋ ತಪ್ಪೋ ಇನ್ನೂ ಗೊತ್ತಿಲ್ಲ. ಪಕ್ಕದ ಬೀದಿಯವನು ಈಗ ಮೈಸೂರುಪಾಕ್ ಶುರು ಮಾಡಿದ್ದಾನೆ.

ಮೇಸ್ತ್ರಿ_ಶಿವಮೊಗ್ಗ · 17 ಆಗಸ್ಟ್

ನನಗೆ ಈಗಿರೋ ಚಿಂತೆ ಸೆಪ್ಟೆಂಬರ್‌ನಿಂದ ಮೇ ತನಕ ಒಂದೂ ಬರಲ್ಲ ಅನ್ನೋದು. ಹೊಸ ಕೆಲಸದ ರಿವ್ಯೂ ಮಳೆ ಬಂದರೆ ಮಾತ್ರ.

ಕಾಫಿತೋಟದ_ಸುಮಾ · 18 ಆಗಸ್ಟ್

ಹಳೇ ಮನೆಗಳಿಲ್ವಾ? ಎರಡು, ಮೂರು ವರ್ಷದ ಹಿಂದೆ ಮಾಡಿದವು. ಮಳೆ ಹೋದ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ ಹೇಗೂ ಕೈ ಖಾಲಿ ಇರುತ್ತದೆ. ಹೋಗಿ ತಾರಸಿ ನೀರು ಹೋಗೋ ಪೈಪಿನ ಬಾಯಿಯ ಎಲೆ, ಕಸ ತೆಗೆದು, ಬಿರುಕು ಇದೆಯಾ ನೋಡಿ ಬನ್ನಿ. ವಾರಂಟಿ ಕೊಟ್ಟಿದ್ದೀರಲ್ಲ. ಎರಡು ದಿನ ಬಿಟ್ಟು ಅದೇ ಮೆಸೇಜ್, ಅದೇ ಲಿಂಕ್. ಹೋದ ಎಲ್ಲ ಮನೆಗೂ. "ಮೂರು ಮಳೆಗಾಲ ಆಯಿತು" ಅಂತ ಒಬ್ಬರು ಬರೆದರೆ ಅದರ ತೂಕವೇ ಬೇರೆ.

ಪೈಪ್ ಕ್ಲೀನ್ ಮಾಡಿದ್ದು ರಿವ್ಯೂಗೆ ಕೊಟ್ಟ ಲಂಚ ಆಗುತ್ತಾ ಅಂತ ಎಡಿಸನ್ ಸರ್ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಬರೆದವರಿಗೂ ಬರೆಯದವರಿಗೂ ಮಾಡಿದರೆ ಅಲ್ಲ.

ಎಡಿಸನ್_ಕನ್ನಡಿಗ · 18 ಆಗಸ್ಟ್

ಕೇಳಬೇಕು ಅಂತಲೇ ಇದ್ದೆ. ಪೂರ್ತಿ ಒಪ್ಪಿಗೆ ಇಲ್ಲ, ಇರಲಿ.

ನಿವೃತ್ತ_ಮೇಷ್ಟ್ರು_ಸಾಗರ · 18 ಆಗಸ್ಟ್

ಮೇಸ್ತ್ರಿಯವರೇ, ನಮ್ಮ ದೇವರ ಕೋಣೆಯ ಮೂಲೆಯಲ್ಲಿ ಈ ಮಳೆಗಾಲ ತೇವ ಕಾಣುತ್ತಿದೆ. ಸಾಗರಕ್ಕೆ ಬರುತ್ತೀರಾ? ಫೋನ್ ಮಾತ್ರ ಕೇಳಬೇಡಿ.

ಮೇಸ್ತ್ರಿ_ಶಿವಮೊಗ್ಗ · 18 ಆಗಸ್ಟ್

ಬರುತ್ತೇನೆ ಮೇಷ್ಟ್ರೇ, ಗೋಡೆ ಒಣಗಲಿ. ಫೋನ್ ಮುಟ್ಟಲ್ಲ. ಮುಂದಿನ ಜುಲೈನಲ್ಲಿ ಲಿಂಕ್ ಮಾತ್ರ ಬರುತ್ತದೆ, ಎಲ್ಲರಿಗೂ ಕಳಿಸಬೇಕಲ್ಲ.